ಗಡುವು ಮೀರಿದೆ, ಮನಸ್ಸು ಮುರಿಯಬಾರದು: ನೆನಪೋಲೆ ಬರೆಯುವ ಬಗೆ

ಡೊಂಬಿವಲಿಯ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆಯ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಲೇಖನ ಕೇಳುವುದು ಕಷ್ಟವಲ್ಲ. ಕೇಳಿದಾಗ ಎಲ್ಲರೂ ಖುಷಿಯಿಂದ ಒಪ್ಪುತ್ತಾರೆ. ಕೊನೆಯ ದಿನ ದಾಟಿದ ಮೇಲೆ, ಲೇಖನ ಬರದೇ ಇದ್ದಾಗ, ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ "ಎಲ್ಲಿ ಲೇಖನ?" ಎಂದು ಕೇಳುವುದಿದೆಯಲ್ಲ, ಅದು ಕಷ್ಟ. ಅವರು ಸಂಬಳಕ್ಕೆ ಬರೆಯುವವರಲ್ಲ, ನಾನೂ ಅವರ ಮೇಲಧಿಕಾರಿ ಅಲ್ಲ. ಗಟ್ಟಿಯಾಗಿ ಕೇಳಿದರೆ ಮುಂದಿನ ವರ್ಷ ಮುಖ ತಿರುಗಿಸುತ್ತಾರೆ. ಮೆತ್ತಗೆ ಕೇಳಿದರೆ ಪುಟ ಖಾಲಿ ಉಳಿಯುತ್ತದೆ.

ಎರಡೂ ತಪ್ಪುಗಳನ್ನು ಮಾಡಿದ ಮೇಲೆ ನನಗೆ ತಿಳಿದದ್ದು ಇಷ್ಟು. ವಿನಯ ಮತ್ತು ಅವಸರ ಒಂದರ ಜಾಗವನ್ನು ಇನ್ನೊಂದು ಕಿತ್ತುಕೊಳ್ಳಬೇಕಿಲ್ಲ, ಏಕೆಂದರೆ ಅವೆರಡೂ ಕೂರುವ ಜಾಗಗಳೇ ಬೇರೆ. ವಿನಯ ಮನುಷ್ಯನ ಬಗ್ಗೆ ಹೇಳುವ ಮಾತಿನಲ್ಲಿರಬೇಕು. ಅವಸರ ತಾರೀಕಿನ ಬಗ್ಗೆ ಹೇಳುವ ಮಾತಿನಲ್ಲಿರಬೇಕು. ನಾವು ಕೆಡಿಸುವುದು ಇವೆರಡನ್ನೂ ಕಲಸಿದಾಗ. 2025ರ ರಾಜ್ಯೋತ್ಸವ ಸಂಚಿಕೆಯ ಉದಾಹರಣೆ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಹೆಜ್ಜೆ 1: ಬರೆಯುವ ಮೊದಲು ನಿಮ್ಮ ಮನೆಯಲ್ಲೇ ಹುಡುಕಿ

ಲೇಖನ ಬಂದಿಲ್ಲ ಎಂದು ನಿಮಗೆ ಅನ್ನಿಸುವುದು ಬೇರೆ, ನಿಜವಾಗಿ ಬಂದಿಲ್ಲದಿರುವುದು ಬೇರೆ. ಮೇಲ್‌ನ ಸ್ಪ್ಯಾಮ್ ಫೋಲ್ಡರ್ ನೋಡಿ. ವಾಟ್ಸಾಪ್‌ನಲ್ಲಿ ಅವರ ಚಾಟ್ ತೆರೆದು ಡಾಕ್ಯುಮೆಂಟ್‌ಗಳ ಪಟ್ಟಿ ನೋಡಿ. ಆಮೇಲೆ ಕಾರ್ಯದರ್ಶಿಯನ್ನೂ ಖಜಾಂಚಿಯನ್ನೂ ಕೇಳಿ. ಸಂಘದಲ್ಲಿ ಜನ ತಮಗೆ ಪರಿಚಯ ಇರುವವರಿಗೆ ಕಳಿಸುತ್ತಾರೆ, ಸಂಪಾದಕರಿಗೇ ಕಳಿಸಬೇಕು ಎಂದೇನೂ ಅಂದುಕೊಳ್ಳುವುದಿಲ್ಲ.

ಒಂದು ವರ್ಷ ನಾನು ಒಬ್ಬರಿಗೆ ಸ್ವಲ್ಪ ಬಿಗಿಯಾಗಿಯೇ ಬರೆದೆ. ಅವರು ಗಡುವಿಗೆ ನಾಲ್ಕು ದಿನ ಮೊದಲೇ ಲೇಖನವನ್ನು ನಮ್ಮ ಖಜಾಂಚಿಯ ಫೋನಿಗೆ ಕಳಿಸಿದ್ದರು. ಖಜಾಂಚಿ ಅದನ್ನು ಓದಿ, ಚೆನ್ನಾಗಿದೆ ಎಂದು ಉತ್ತರಿಸಿ, ನನಗೆ ದಾಟಿಸುವುದನ್ನು ಮರೆತಿದ್ದರು. ಆ ಹಿರಿಯರು ಏನೂ ಬಯ್ಯಲಿಲ್ಲ. "ಆಯ್ತು, ಇನ್ನೊಮ್ಮೆ ಕಳಿಸುತ್ತೇನೆ" ಅಂದರು, ಅಷ್ಟೇ. ನನಗೆ ಅದೇ ಜಾಸ್ತಿ ನಾಟಿತು.

ಇನ್ನೊಂದನ್ನೂ ನೋಡಿಕೊಳ್ಳಿ. ಕೊನೆಯ ದಿನವನ್ನು ನೀವು ಬರೆದು ತಿಳಿಸಿದ್ದಿರಾ, ಅಥವಾ ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಬಾಯಲ್ಲಿ ಹೇಳಿದ್ದಿರಾ? ಬಾಯಲ್ಲಿ ಹೇಳಿದ್ದರೆ ಇದನ್ನು 'ಮೀರಿದ ಗಡುವು' ಎಂದು ಬರೆಯಬೇಡಿ. ಮೊದಲ ಸಲ ತಿಳಿಸುವ ಹಾಗೆ ಬರೆಯಿರಿ. ಅದೇ ನ್ಯಾಯ.

ಹೆಜ್ಜೆ 2: ನಿಜವಾದ ತಾರೀಕು ಯಾವುದು ಎಂದು ಹಿಂದಿನಿಂದ ಲೆಕ್ಕ ಹಾಕಿ

ನೆನಪೋಲೆಗೆ ಬಲ ಬರುವುದು ಇಲ್ಲಿಂದ. ಇಷ್ಟು ಕೆಲಸ ಮಾಡಿಕೊಂಡರೆ ಗಟ್ಟಿ ಪದಗಳು ಬೇಕಾಗುವುದೇ ಇಲ್ಲ.

2025ರಲ್ಲಿ ನವೆಂಬರ್ 1 ಶನಿವಾರ ಬಂತು. ಪುಸ್ತಕ ಶುಕ್ರವಾರ, 31ಕ್ಕೆ ಕೈಯಲ್ಲಿರಬೇಕು. ಆದರೆ ಆ ವರ್ಷ ದೀಪಾವಳಿ ಅಕ್ಟೋಬರ್ 20ರ ಸುಮಾರಿಗೇ ಬಂದಿತ್ತು, ಭಾವುಬೀಜ್ 23ಕ್ಕೆ. ಅಷ್ಟೂ ದಿನ ಪ್ರೆಸ್ಸಿಗೆ ರಜೆ, ಕೆಲಸದವರು ಊರಿಗೆ ಹೋಗಿರುತ್ತಾರೆ. ಅದಕ್ಕೂ ಮೊದಲಿನ ವಾರಗಳಲ್ಲಿ ಇಲ್ಲಿನ ಪ್ರೆಸ್ಸುಗಳೆಲ್ಲ ಮರಾಠಿಯ ದಿವಾಳಿ ಅಂಕಗಳಲ್ಲಿ ಮುಳುಗಿರುತ್ತವೆ. ಮಹಾರಾಷ್ಟ್ರದಲ್ಲಿ ಈ ದಿವಾಳಿ ವಿಶೇಷಾಂಕಗಳ ಪದ್ಧತಿಗೆ ನೂರು ವರ್ಷ ದಾಟಿದೆ. ನಮ್ಮ ಅರವತ್ತನಾಲ್ಕು ಪುಟದ ಪುಸ್ತಕಕ್ಕಾಗಿ ಯಾರೂ ಮಶೀನು ಖಾಲಿ ಇಟ್ಟುಕೊಂಡು ಕಾಯುವುದಿಲ್ಲ. "15ನೇ ತಾರೀಕು ಬುಧವಾರ ಫೈಲ್ ಬಂದರೆ ಹಬ್ಬಕ್ಕೆ ಮೊದಲು ಛಾಪಿಸಿಬಿಡುತ್ತೇವೆ, ಬೈಂಡಿಂಗ್ ಹಬ್ಬದ ನಂತರ" ಎಂದರು ಪ್ರೆಸ್ಸಿನವರು. ಅದು ನನ್ನ ಕೈಯಲ್ಲಿಲ್ಲದ ತಾರೀಕು.

ಅಲ್ಲಿಂದ ಹಿಂದಕ್ಕೆ ಎಣಿಸಿದೆ. 14ಕ್ಕೆ ಪುಟ ಜೋಡಣೆ ಮುಗಿಯಬೇಕು. 13ಕ್ಕೆ ಪ್ರೂಫ್ ತಿದ್ದಿ ವಾಪಸ್ ಬರಬೇಕು. ಶನಿವಾರ, ಭಾನುವಾರ ನಮ್ಮವರು ಪ್ರೂಫ್ ನೋಡುವ ದಿನ, ಉಳಿದ ದಿನ ಎಲ್ಲರಿಗೂ ಆಫೀಸು, ಲೋಕಲ್ ಟ್ರೇನು. ಶುಕ್ರವಾರ ಟೈಪಿಂಗ್. ಅಂದರೆ ಲೇಖನ ಗುರುವಾರ, 9ನೇ ತಾರೀಕು ಸಂಜೆಗೆ ಬೇಕು. ನಾವು ಮೊದಲು ಕೊಟ್ಟಿದ್ದ ಗಡುವು 5, ಭಾನುವಾರ. ನಾಲ್ಕು ದಿನ ಸಡಿಲ ಇಟ್ಟಿದ್ದೆವು. ಆ ಸಡಿಲವನ್ನು ಈಗ ಅವರಿಗೆ ಬಿಟ್ಟುಕೊಡುತ್ತಿದ್ದೇವೆ, ಆದರೆ ಇದರಾಚೆ ಬಿಟ್ಟುಕೊಡಲು ನಮ್ಮ ಹತ್ತಿರ ಏನೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಸುಳ್ಳು ತಾರೀಕು ಹೇಳುತ್ತಾರೆ, "ನಾಳೆಯೇ ಪ್ರೆಸ್ಸಿಗೆ ಹೋಗುತ್ತಿದೆ" ಎಂದು. ಒಂದು ಸಲ ನಡೆಯುತ್ತದೆ. ಮಾತುಂಗದಲ್ಲಿ ಹೇಳಿದ್ದು ಮೀರಾ ರೋಡಿಗೆ ಮುಟ್ಟಲು ಒಂದು ಸಂಜೆ ಸಾಕು, ನಮ್ಮ ಜನರ ನಡುವೆ ಅಷ್ಟು ಫೋನ್ ಓಡಾಡುತ್ತವೆ. ಮುಂದಿನ ವರ್ಷ ನೀವು ನಿಜವಾದ ತಾರೀಕು ಹೇಳಿದರೂ ಅವರು ಅದಕ್ಕೆ ಒಂದು ವಾರ ಕೂಡಿಸಿಕೊಳ್ಳುತ್ತಾರೆ.

ಹೆಜ್ಜೆ 3: ಎಲ್ಲಿ, ಯಾವಾಗ ಕಳಿಸಬೇಕು

ಗ್ರೂಪಿನಲ್ಲಿ ಹಾಕಬೇಡಿ. "ಇನ್ನೂ ಮೂವರ ಲೇಖನ ಬಾಕಿ ಇದೆ" ಎಂದು ಹೆಸರಿಲ್ಲದೆ ಹಾಕಿದರೂ ಅದು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ತಡ ಮಾಡಿದವರಿಗೆ ನಾಚಿಕೆ ಆಗುತ್ತದೆ. ನಾಚಿಕೆ ಆದವರು ಬೇಗ ಬರೆಯುವುದಿಲ್ಲ, ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ, ಅವರ ಲೇಖನದ ಹೆಸರು ಹಿಡಿದು ಬರೆಯಿರಿ.

ಗಡುವು ದಾಟಿ ಒಂದೆರಡು ದಿನದೊಳಗೆ ಬರೆಯಿರಿ. ವಾರ ಬಿಟ್ಟರೆ ಎರಡು ನಷ್ಟ. ಆ ತಾರೀಕಿಗೆ ಬೆಲೆ ಇರಲಿಲ್ಲ ಎಂದು ಅವರು ತಿಳಿಯುತ್ತಾರೆ. ನಿಮ್ಮ ಸಿಟ್ಟೂ ಅಷ್ಟರಲ್ಲಿ ಹಣ್ಣಾಗಿರುತ್ತದೆ, ಅದು ಪದಗಳಲ್ಲಿ ಇಣುಕುತ್ತದೆ. ನಾನು ಗಡುವು ಮುಗಿದ ಎರಡನೇ ದಿನ, ಮಂಗಳವಾರ 7ನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಬರೆದೆ. ನಿವೃತ್ತರು ಕಾಫಿ, ಪೇಪರ್ ಮುಗಿಸಿ ಫೋನ್ ನೋಡುವ ಹೊತ್ತು ಅದು. ನೌಕರಿಗೆ ಹೋಗುವವರಿಗೆ ಬೆಳಿಗ್ಗೆ ಕಳಿಸಿದರೆ ಟ್ರೇನಿನ ನೂಕುನುಗ್ಗಲಿನಲ್ಲಿ ನೋಡಿ ಮರೆತುಬಿಡುತ್ತಾರೆ, ಅವರಿಗೆ ರಾತ್ರಿ ಊಟದ ನಂತರ ಸರಿ.

ಹೆಜ್ಜೆ 4: ಓಲೆಯನ್ನು ಕಟ್ಟುವುದು

ರಾತ್ರಿಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರಿಂದ ನಮಗೆ ಒಂದು ಲೇಖನ ಬರಬೇಕಿತ್ತು. ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಗೆ ಬಂದು ಕಲಿತ ಮಕ್ಕಳ ಬಗ್ಗೆ. ಮುಂಬಯಿ ಕನ್ನಡಿಗರಿಗೆ ಅದು ಎಷ್ಟು ದೊಡ್ಡ ವಿಷಯ ಎಂದು ಬೇರೆ ಹೇಳಬೇಕಿಲ್ಲ. ಬಿಟ್ಟುಬಿಡುವ ಲೇಖನ ಅಲ್ಲ ಅದು. ಮೊದಲು ನಾನು ಬರೆದುಕೊಂಡದ್ದು ಹೀಗಿತ್ತು:

"ಮೇಷ್ಟ್ರೇ ನಮಸ್ಕಾರ. ಹೇಗಿದ್ದೀರಿ? ಹಬ್ಬ ಚೆನ್ನಾಗಿ ಆಯ್ತಾ? ತೊಂದರೆ ಕೊಡುತ್ತಿದ್ದೇನೆ, ದಯವಿಟ್ಟು ಕ್ಷಮಿಸಿ. ಲೇಖನದ ಬಗ್ಗೆ ಸುಮ್ನೆ ಒಂದು ನೆನಪು ಮಾಡೋಣ ಅಂತ. ನಿಮಗೆ ಬಿಡುವಾದಾಗ, ಆದಷ್ಟು ಬೇಗ ಕಳಿಸಿದರೆ ಉಪಕಾರವಾಗುತ್ತದೆ."

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. "ಆಯ್ತು, ನೋಡುವಾ." ತಪ್ಪು ಅವರದಲ್ಲ. 'ಸುಮ್ನೆ' ಎಂದ ಮೇಲೆ ಅವಸರ ಏನಿದೆ? 'ಬಿಡುವಾದಾಗ' ಎಂದು ನಾನೇ ಹೇಳಿದೆ, ಅವರಿಗೆ ಬಿಡುವು ದೀಪಾವಳಿಯ ನಂತರ ಆಗಬಹುದು. 'ಆದಷ್ಟು ಬೇಗ' ಎಂಬುದು ಯಾವ ಕ್ಯಾಲೆಂಡರಿನಲ್ಲೂ ಇಲ್ಲದ ದಿನ. ಮೇಷ್ಟ್ರ ಮೇಲಿನ ಗೌರವಕ್ಕೆ ಬಳಸಬೇಕಾದ ಮೆದು ಪದಗಳನ್ನೆಲ್ಲ ನಾನು ತಾರೀಕಿನ ಮೇಲೆ ಸುರಿದಿದ್ದೆ.

ನಮ್ಮ ಸಮಿತಿಯ ಒಬ್ಬರು ಇದನ್ನು ನೋಡಿ, ಇಷ್ಟು ಮೆತ್ತಗೆ ಆಗುವುದಿಲ್ಲ ಎಂದು ತಾವೇ ಒಂದು ಬರೆದುಕೊಟ್ಟರು:

"ಲೇಖನ ಕಳಿಸಲು ಕೊನೆಯ ದಿನ ಅಕ್ಟೋಬರ್ 5 ಎಂದು ಮೊದಲೇ ತಿಳಿಸಿದ್ದೆವು. ಆದರೂ ನೀವು ಇನ್ನೂ ಕಳಿಸಿಲ್ಲ. ಇದರಿಂದ ಎಲ್ಲರ ಕೆಲಸ ನಿಂತಿದೆ. ಕೂಡಲೇ ಕಳಿಸತಕ್ಕದ್ದು."

ಇದರಲ್ಲಿ ಬೈಗುಳ ಒಂದೂ ಇಲ್ಲ. ಆದರೂ ಓದಿದರೆ ಚುಚ್ಚುತ್ತದೆ. 'ಆದರೂ' ಎಂಬ ಒಂದೇ ಪದ, ಹೇಳಿದ್ದನ್ನು ಕೇಳಲಿಲ್ಲ ನೀವು, ಎನ್ನುತ್ತದೆ. 'ನೀವು ಇನ್ನೂ ಕಳಿಸಿಲ್ಲ' ಎಂಬಲ್ಲಿ ಬೆರಳು ನೇರವಾಗಿ ಅವರ ಕಡೆ ಇದೆ. 'ತಕ್ಕದ್ದು' ಸರ್ಕಾರಿ ನೋಟೀಸಿನ ಮಾತು. ಅಷ್ಟೆಲ್ಲ ಗಟ್ಟಿಯಾಗಿ ಹೇಳಿಯೂ ಇದರಲ್ಲಿ ಹೊಸ ತಾರೀಕೇ ಇಲ್ಲ, ನೋಡಿ. 'ಕೂಡಲೇ' ಎಂದರೆ ಇವತ್ತಾ, ನಾಳೆಯಾ? ಮೊದಲನೆಯದು ಮೆತ್ತಗೆ ಹೇಳಿ ತಾರೀಕು ಬಿಟ್ಟಿತು, ಇದು ಗಟ್ಟಿಯಾಗಿ ಹೇಳಿ ತಾರೀಕು ಬಿಟ್ಟಿತು.

ಕೊನೆಗೆ ಕಳಿಸಿದ್ದು ಇದು:

"ಮೇಷ್ಟ್ರೇ, ನಮಸ್ಕಾರ. ರಾತ್ರಿಶಾಲೆಯ ಬಗ್ಗೆ ನಿಮ್ಮ ಲೇಖನ ಮೊನ್ನೆ ಭಾನುವಾರ, 5ನೇ ತಾರೀಕಿಗೆ ಬರಬೇಕಿತ್ತು, ನನ್ನ ಕೈಗೆ ಇನ್ನೂ ಬಂದಿಲ್ಲ. ದೀಪಾವಳಿಗೆ ಪ್ರೆಸ್ ಮುಚ್ಚುವುದರಿಂದ 15ನೇ ತಾರೀಕು ಬುಧವಾರ ನಾವು ಎಲ್ಲ ಪುಟಗಳನ್ನು ಅಲ್ಲಿಗೆ ಒಪ್ಪಿಸಲೇಬೇಕು. ಟೈಪಿಂಗ್, ಪ್ರೂಫ್‌ಗೆ ನಾಲ್ಕೈದು ದಿನ ಹಿಡಿಯುತ್ತದೆ. ಹಾಗಾಗಿ ಗುರುವಾರ, 9ನೇ ತಾರೀಕು ಸಂಜೆ 6 ಗಂಟೆಯೊಳಗೆ ಲೇಖನ ಕಳಿಸಿಕೊಡಿ. ಕೈಬರಹದಲ್ಲಿದ್ದರೆ ಹಾಳೆಗಳ ಫೋಟೋ ತೆಗೆದು ಇಲ್ಲಿಗೇ ಹಾಕಿದರೂ ಸಾಕು, ಟೈಪ್ ನಾವು ಮಾಡಿಸುತ್ತೇವೆ. ಗುರುವಾರಕ್ಕೆ ಕಷ್ಟ ಅನ್ನಿಸಿದರೆ ನಾಳೆ ಸಂಜೆಯೊಳಗೆ ನನಗೊಂದು ಫೋನ್ ಮಾಡಿ, ಏನು ಮಾಡಬಹುದು ಎಂದು ಕೂಡಿ ನೋಡೋಣ. ಈ ಲೇಖನ ಸಂಚಿಕೆಯಲ್ಲಿ ಇರಬೇಕು ಎಂಬುದು ನಮ್ಮೆಲ್ಲರ ಆಸೆ."

ಇದರ ಒಂದೊಂದು ಮಾತನ್ನೂ ಯಾಕೆ ಹಾಗೆ ಇಟ್ಟೆ ಎಂದು ಹೇಳುತ್ತೇನೆ, ನಿಮ್ಮ ಓಲೆಗೆ ಅದೇ ಮುಖ್ಯ.

'ಕಳಿಸಿಲ್ಲ' ಅಲ್ಲ, 'ಬಂದಿಲ್ಲ'. ಇದು ನಮ್ಮ ಭಾಷೆ ಕೊಟ್ಟಿರುವ ದೊಡ್ಡ ಅನುಕೂಲ. ಕಳಿಸದೇ ಇರುವವರು ಅವರು, ಬರದೇ ಇರುವುದು ಲೇಖನ. ಸಂಗತಿ ಒಂದೇ. ಎರಡನೆಯದರಲ್ಲಿ ಮನುಷ್ಯನ ಮೇಲೆ ತಪ್ಪು ಕೂರುವುದಿಲ್ಲ. ಅವರು ಬೇರೆ ಯಾರಿಗೋ ಕಳಿಸಿದ್ದರೂ ಈ ಮಾತು ಸುಳ್ಳಾಗುವುದಿಲ್ಲ. ಹಾಗಂತ ಗಡುವು ಮುಗಿದ ಸಂಗತಿಯನ್ನು ನುಂಗಬೇಡಿ. 5ನೇ ತಾರೀಕು ಎಂದು ಒಮ್ಮೆ, ಒಮ್ಮೆ ಮಾತ್ರ, ಸ್ಪಷ್ಟವಾಗಿ ಬರೆಯಿರಿ.

'-ಲೇಬೇಕು' ಎಲ್ಲಿದೆ ನೋಡಿ. ಕನ್ನಡದಲ್ಲಿ ಒತ್ತಾಯಕ್ಕೆ ಇದಕ್ಕಿಂತ ಗಟ್ಟಿ ಪ್ರತ್ಯಯ ಇಲ್ಲ. ಅದನ್ನು ಅವರ ಮೇಲೆ ಹಾಕಿದ್ದರೆ, 'ನೀವು ಕಳಿಸಲೇಬೇಕು' ಎಂದಿದ್ದರೆ, ಅಪ್ಪಣೆ ಆಗುತ್ತಿತ್ತು. 'ನಾವು ಒಪ್ಪಿಸಲೇಬೇಕು' ಎಂದು ನಮ್ಮ ಮೇಲೆ ಹಾಕಿಕೊಂಡೆ. ಒತ್ತಾಯ ಅಷ್ಟೇ ಇದೆ, ಆದರೆ ಅದನ್ನು ಹೊತ್ತವರು ನಾವು. ಅವರು ಓದುವಾಗ ನಮ್ಮ ಭಾರಕ್ಕೆ ಕೈ ಕೊಡುವವರಾಗುತ್ತಾರೆ. ಇಡೀ ಓಲೆಯಲ್ಲಿ ಇದನ್ನು ಒಂದೇ ಸಲ ಬಳಸಿ, ಎರಡನೇ ಸಲಕ್ಕೆ ಅದರ ಬಲ ಹೋಗುತ್ತದೆ.

'ಕಳಿಸಿಕೊಡಿ' ಎಂಬುದರಲ್ಲೇ ಗೌರವವೂ ಇದೆ, ಕೋರಿಕೆಯೂ ಇದೆ. 'ಕೊಡಿ' ಸೇರಿದ ತಕ್ಷಣ ಅದು ನನಗಾಗಿ ಮಾಡುವ ಉಪಕಾರ ಆಗುತ್ತದೆ. 'ದಯವಿಟ್ಟು' ಬೇಕೆಂದರೆ ಒಂದು ಸಲ ಹಾಕಿ, ತಪ್ಪೇನಿಲ್ಲ, ಆದರೆ ಪ್ರತಿ ಸಾಲಿಗೂ ಹಾಕಿದರೆ ಅದು 'ದಯವಿಟ್ಟು ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡಿನ ಹಾಗೆ ಕೇಳುತ್ತದೆ. 'ಕಳಿಸಬಹುದಾ?' ಎಂದೂ ಕೇಳಬೇಡಿ. ಆ ಪ್ರಶ್ನೆಗೆ 'ಆಗುವುದಿಲ್ಲ' ಎಂಬ ಉತ್ತರವೂ ಸರಿಯೇ ಅಲ್ವಾ?

ತಾರೀಕು, ವಾರ, ಗಂಟೆ ಮೂರೂ ಇರಲಿ. ಬರೀ 9 ಎಂದರೆ ಯಾವ ವಾರ ಎಂದು ಅವರು ಯೋಚಿಸುವುದಿಲ್ಲ, ಬರೀ ಗುರುವಾರ ಎಂದರೆ ಮುಂದಿನ ಗುರುವಾರ ಅಂದುಕೊಳ್ಳಬಹುದು, ಗಂಟೆ ಹೇಳದಿದ್ದರೆ ರಾತ್ರಿ ಹನ್ನೊಂದೂವರೆಯೂ ಗುರುವಾರವೇ. ಈ ಸಾಲಿನಲ್ಲಿ 'ಸ್ವಲ್ಪ', 'ಸಾಧ್ಯವಾದರೆ', 'ಒಂದು ವೇಳೆ' ಯಾವುದನ್ನೂ ಬಿಟ್ಟುಕೊಳ್ಳಬೇಡಿ. ಓಲೆ ಮುಗಿದ ಮೇಲೆ ಈ ಒಂದು ಸಾಲನ್ನು ಮಾತ್ರ ಬೇರೆಯಾಗಿ ಓದಿ ನೋಡಿ. ಅದರಲ್ಲಿ ಮೆದು ಪದ ಸಿಕ್ಕರೆ ಅಳಿಸಿ.

ಕಾರಣ ಒಂದೇ ಒಂದು. ದೀಪಾವಳಿಗೆ ಪ್ರೆಸ್ ಮುಚ್ಚುತ್ತದೆ ಎಂದರೆ ಯಾರಿಗೂ ಅರ್ಥವಾಗುತ್ತದೆ. ಇದರ ಜೊತೆಗೆ ಡಿಟಿಪಿಯವರ ಮಗಳ ಮದುವೆ, ನನ್ನ ಆಫೀಸಿನ ಆಡಿಟ್ ಎಂದೆಲ್ಲ ಸೇರಿಸಿದರೆ ಯಾವುದೂ ನಿಜವಾದ ಕಾರಣ ಅಲ್ಲ ಎಂದು ಅನ್ನಿಸುತ್ತದೆ.

ಇನ್ನು ಫೋನ್ ಮಾಡಿ ಎಂಬ ಸಾಲು. ತಡ ಮಾಡಿದವರು ಸುಮ್ಮನಾಗುವುದು ಹೆಚ್ಚಾಗಿ ಸೋಮಾರಿತನದಿಂದ ಅಲ್ಲ. ಮುಗಿದಿಲ್ಲ ಎಂದು ಹೇಳಲು ಸಂಕೋಚ. ಹಾಗಾಗಿ ಆಗುವುದಿಲ್ಲ ಎಂದು ಹೇಳಲು ಒಂದು ಬಾಗಿಲು ತೆರೆದಿಡಬೇಕು, ಆದರೆ ಆ ಬಾಗಿಲಿಗೂ ಒಂದು ಹೊತ್ತು ಇರಬೇಕು. 'ನಾಳೆ ಸಂಜೆಯೊಳಗೆ' ಎಂದದ್ದು ಅದಕ್ಕೆ. 'ಯಾಕೆ ತಡವಾಯಿತು?' ಎಂದು ನಾನು ಎಲ್ಲೂ ಕೇಳಲಿಲ್ಲ. 'ಯಾಕೆ' ಎಂದರೆ ಅವರು ಹಿಂದೆ ನೋಡಿ ಸಮಜಾಯಿಷಿ ಹುಡುಕುತ್ತಾರೆ. ನಮಗೆ ಬೇಕಾದ್ದು ಮುಂದಿನ ಎರಡು ದಿನ.

ಬುಧವಾರ ಮಧ್ಯಾಹ್ನ ಮೇಷ್ಟ್ರು ತಾವೇ ಫೋನ್ ಮಾಡಿದರು. "ಬರೆದದ್ದು ಉಂಟು ಮಾರಾಯಾ, ಅರ್ಧ ಆಗಿದೆ. ಕಣ್ಣಿನ ಆಪರೇಶನ್ ಆಯ್ತಲ್ಲ, ಬರೆಯಬಾರದು ಹೇಳಿದ್ದಾರೆ ಡಾಕ್ಟ್ರು. ನಿನಗೆ ಹೇಗೆ ಹೇಳುವುದು ಅಂತ ಸುಮ್ಮನಿದ್ದೆ." ಐದು ಹಾಳೆ ಮುಗಿದಿತ್ತು, ಅದರ ಫೋಟೋವನ್ನು ಸೊಸೆ ಅಂದೇ ಕಳಿಸಿದರು. ಉಳಿದದ್ದನ್ನು ಹೇಳಿಬಿಡಿ, ನಾವು ಬರೆದುಕೊಳ್ಳುತ್ತೇವೆ ಎಂದೆ. ಗುರುವಾರ ಬೆಳಿಗ್ಗೆ ಸುಮಾರು ನಲವತ್ತು ನಿಮಿಷದ ಮಾತು, ನಾಲ್ಕು ತುಂಡಾಗಿ, ವಾಟ್ಸಾಪ್‌ನಲ್ಲಿ ಬಂತು. ಮೊದಲಿನ ಮೆದು ಓಲೆ ಹೋಗಿದ್ದರೆ ಅವರು 'ಆಯ್ತು' ಎಂದು ಬರೆದು ಸುಮ್ಮನಾಗುತ್ತಿದ್ದರು. ಎರಡನೆಯದು ಹೋಗಿದ್ದರೆ ಆಪರೇಶನ್ ಆದ ಮನುಷ್ಯನಿಗೆ ನಾವು 'ತಕ್ಕದ್ದು' ಎಂದು ಬರೆದವರಾಗುತ್ತಿದ್ದೆವು.

ಹೆಜ್ಜೆ 5: ಬಂದ ಉತ್ತರವನ್ನು ಓದುವುದು

'ಆಯ್ತು', 'ನೋಡ್ತೇನೆ', ಕೈಮುಗಿದ ಚಿತ್ರ, ಹೆಬ್ಬೆರಳು. ಇವು ಓಲೆ ತಲುಪಿದೆ ಎಂದು ಹೇಳುತ್ತವೆ, ಲೇಖನ ಬರುತ್ತದೆ ಎಂದು ಹೇಳುವುದಿಲ್ಲ. ಉತ್ತರದಲ್ಲಿ ತಾರೀಕು ಇಲ್ಲದಿದ್ದರೆ ಅದನ್ನು ನೀವೇ ಸೇರಿಸಿ ಅವರ ಒಪ್ಪಿಗೆ ಪಡೆಯಿರಿ: "ಸಂತೋಷ ಸರ್. ಹಾಗಾದರೆ ಗುರುವಾರ ಸಂಜೆ 6ಕ್ಕೆ ನಿಮ್ಮದು ಬರುತ್ತದೆ ಎಂದು ಬರೆದುಕೊಳ್ಳಲಾ?" ಇದಕ್ಕೆ ಬರುವ 'ಹೌದು' ನಿಜವಾದ ಹೌದು. ಫೋನಿನಲ್ಲಿ ಮಾತಾಗಿದ್ದರೂ ಅಷ್ಟೇ, ಇಟ್ಟ ಕೂಡಲೇ ಮಾತಾದದ್ದನ್ನು ಒಂದು ಸಾಲು ಬರೆದು ಕಳಿಸಿ.

ಹೆಜ್ಜೆ 6: ಉತ್ತರವೇ ಬರದಿದ್ದರೆ, ಎರಡನೇ ಓಲೆ

ಅದೇ ಮಂಗಳವಾರ ಇನ್ನೊಬ್ಬರಿಗೂ ಇಂಥದ್ದೇ ಓಲೆ ಕಳಿಸಿದ್ದೆ. ಬ್ಯಾಂಕಿನಲ್ಲಿದ್ದವರು, ಚೆನ್ನಾಗಿ ಬರೆಯುತ್ತಾರೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಬುಧವಾರ ರಾತ್ರಿ ಫೋನ್ ಮಾಡಿದೆ, ಎತ್ತಲಿಲ್ಲ. ಈಗ ಎರಡನೇ ಓಲೆ. ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹೇಳುವುದು ಇದರಲ್ಲೇ, ಮೊದಲನೆಯದರಲ್ಲಿ ಅಲ್ಲ. ಮೊದಲ ಓಲೆಯಲ್ಲೇ ಅದನ್ನು ಹೇಳಿದರೆ ಬೆದರಿಕೆಯಂತೆ ಕೇಳುತ್ತದೆ.

ಏನಾಗುತ್ತದೆ ಎಂದು ಹೇಳಲು ಮೊದಲು ಅದು ನಿಮಗೆ ಗೊತ್ತಿರಬೇಕು. ನಮ್ಮ ಪುಸ್ತಕದ ಒಳಪುಟಗಳನ್ನು ಹದಿನಾರು ಪುಟದ ಫಾರಂಗಳಾಗಿ ಛಾಪಿಸುತ್ತಾರೆ. ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ, ಅದನ್ನು ಮಡಚಿ ಕತ್ತರಿಸಿದರೆ ಹದಿನಾರು. ಅರವತ್ತನಾಲ್ಕು ಪುಟ ಎಂದರೆ ನಾಲ್ಕು ಫಾರಂ. ಅವರಿಗೆಂದು ಇಟ್ಟ ನಾಲ್ಕು ಪುಟ ಖಾಲಿಯಾದರೆ ಪುಸ್ತಕ ಅರವತ್ತು ಪುಟಕ್ಕೆ ಇಳಿಯುವುದಿಲ್ಲ, ಆ ಫಾರಂನಲ್ಲಿ ನಾಲ್ಕು ತೂತು ಬೀಳುತ್ತದೆ. ಬೇರೆ ಏನಾದರೂ ತುಂಬಲೇಬೇಕು. ಹಾಗಾಗಿ ಹೀಗೆ ಬರೆದೆ:

"ಸರ್, ನಿನ್ನೆ ರಾತ್ರಿ ಫೋನ್ ಮಾಡಿದ್ದೆ, ಸಿಗಲಿಲ್ಲ. ನಿಮ್ಮ ಲೇಖನಕ್ಕೆ 33ರಿಂದ 36ನೇ ಪುಟ ಇಟ್ಟಿದ್ದೇವೆ. ಇಂದು ಸಂಜೆ 6ಕ್ಕೆ ಬಂದರೆ ಹಾಗೇ ಮುಂದುವರಿಸುತ್ತೇವೆ. ಬರದಿದ್ದರೆ ಆ ಜಾಗದಲ್ಲಿ ಮಕ್ಕಳ ಚಿತ್ರಗಳನ್ನು ಹಾಕಿ ಪುಟ ಮುಗಿಸುತ್ತೇವೆ, ನಿಮ್ಮ ಲೇಖನವನ್ನು ಯುಗಾದಿಯ ಸಂಚಿಕೆಗೆ ಇಟ್ಟುಕೊಳ್ಳುತ್ತೇವೆ. ಎರಡರಲ್ಲಿ ಯಾವುದು ಎಂದು ಒಂದು ಮಾತು ತಿಳಿಸಿ."

ಇದರಲ್ಲಿ 'ನೀವು ಹೀಗೆ ಮಾಡದಿದ್ದರೆ' ಎಂಬುದಿಲ್ಲ. ಪುಟಕ್ಕೆ ಏನಾಗುತ್ತದೆ ಎಂದಷ್ಟೇ ಇದೆ. ಅವರು ಗೌರವದಿಂದ ಹಿಂದೆ ಸರಿಯಲು ಜಾಗವೂ ಇದೆ. ಸಂಜೆ ಐದಕ್ಕೆ ಉತ್ತರ ಬಂತು: "ಯುಗಾದಿಗೆ ಖಂಡಿತ ಕೊಡುತ್ತೇನೆ. ಮನೆಯಲ್ಲಿ ಸ್ವಲ್ಪ ಗಡಿಬಿಡಿ." ಚಿತ್ರಗಳನ್ನು ಹಾಕಿದೆವು.

ಹೇಳಿದ್ದನ್ನು ಮಾಡಲು ಮನಸ್ಸಿಲ್ಲದಿದ್ದರೆ ಈ ಓಲೆ ಬರೆಯಬೇಡಿ. ಆರಕ್ಕೆ ಎಂದು ಹೇಳಿ ಭಾನುವಾರದವರೆಗೆ ಕಾದರೆ, ಗುರುವಾರಕ್ಕೇ ಕಣ್ಣು ಕೆಂಪಗೆ ಮಾಡಿಕೊಂಡು ಮುಗಿಸಿಕೊಟ್ಟ ಉಳಿದವರಿಗೆ ನಾವು ಮೋಸ ಮಾಡಿದ ಹಾಗೆ. ಮೂರನೇ ಓಲೆ ಎಂಬುದು ಇಲ್ಲ. ಎರಡಕ್ಕೂ ಬಗ್ಗದಿದ್ದರೆ ಅವರ ಮನೆಯ ಹತ್ತಿರದವರೊಬ್ಬರು ಹೋಗಿ ಬರಲಿ, ಓಲೆಯಿಂದ ಆಗದ್ದು ಐದು ನಿಮಿಷ ಎದುರಿಗೆ ಕೂತರೆ ಆಗುತ್ತದೆ.

ಹೋಟೆಲ್ ಜಾಹೀರಾತು ಬಾಕಿ ಇದ್ದರೆ

ಇದು ಬೇರೆ ಜಾತಿಯ ಕೆಲಸ, ಚಿಕ್ಕದಾಗಿ ಹೇಳುತ್ತೇನೆ. ಜಾಹೀರಾತು ಕೊಡುತ್ತೇನೆ ಎಂದು ಒಪ್ಪಿದವರು ಶೆಟ್ರು, ಆದರೆ ಡಿಸೈನ್ ಇರುವುದು ಮಗನ ಹತ್ತಿರ ಅಥವಾ ಮ್ಯಾನೇಜರ್ ಹತ್ತಿರ. ಶೆಟ್ರಿಗೆ ಹತ್ತು ಸಲ ನೆನಪಿಸಿದರೂ ಅವರ ಕೈಯಲ್ಲಿ ಫೈಲ್ ಇಲ್ಲ. ಮೊದಲ ಓಲೆಯಲ್ಲೇ ಯಾರನ್ನು ಕೇಳಬೇಕು ಎಂದು ಕೇಳಿ. ಮಧ್ಯಾಹ್ನ ಹನ್ನೆರಡರಿಂದ ಮೂರು ಊಟದ ಗಲಾಟೆ, ಐದಾದರೆ ತಿಂಡಿಗೆ ಜನ ಸೇರುತ್ತಾರೆ. ಮೂರೂವರೆಯಿಂದ ನಾಲ್ಕೂವರೆ ಒಳ್ಳೆಯ ಹೊತ್ತು.

"ಶೆಟ್ರೇ, ನಮಸ್ಕಾರ. ಹಿಂಬದಿ ರಕ್ಷಾಪುಟ ನಿಮ್ಮ ಹೆಸರಿಗೇ ಇದೆ. ಡಿಸೈನ್ ಫೈಲ್ 5ಕ್ಕೆ ಬರಬೇಕಿತ್ತು, ಬಂದಿಲ್ಲ. ಶುಕ್ರವಾರ 10ನೇ ತಾರೀಕು ಸಂಜೆ 4ರೊಳಗೆ ಪಿಡಿಎಫ್ ಬೇಕು. ಯಾರ ಹತ್ತಿರ ಮಾತಾಡಲಿ, ನಂಬರ್ ಕೊಡಿ." ಇಷ್ಟು ಸಾಕು. ವ್ಯಾಪಾರದವರಿಗೆ ನೇರ ಮಾತೇ ಮರ್ಯಾದೆ. ಫೋನಿನಲ್ಲಿ ತುಳುವಿನಲ್ಲೇ ಮಾತಾಡಿಕೊಳ್ಳಿ, ತಾರೀಕನ್ನು ಮಾತ್ರ ಬರೆದು ಕಳಿಸಿ. ಹಣ ಬಾಕಿ ಇದ್ದರೆ ಅದನ್ನು ಇದೇ ಓಲೆಯಲ್ಲಿ ಸೇರಿಸಬೇಡಿ. ಎರಡು ಕೇಳಿದರೆ ಸುಲಭವಾದದ್ದೊಂದನ್ನು ಮಾಡಿ ಇನ್ನೊಂದು ಮರೆತುಹೋಗುತ್ತದೆ. ವಿಸಿಟಿಂಗ್ ಕಾರ್ಡಿನ ಫೋಟೋ ಕಳಿಸಿದರೆ ಅದು ಇಡೀ ಪುಟಕ್ಕೆ ಹಿಗ್ಗಿಸಿದಾಗ ಮಸುಕಾಗುತ್ತದೆ, ಅದಕ್ಕೇ ಪಿಡಿಎಫ್ ಎಂದು ಹೆಸರಿಟ್ಟು ಕೇಳಬೇಕು.

ಒಂದೇ ವಯಸ್ಸಿನ ಗೆಳೆಯರಿಗೆ ಬರೆಯುವಾಗ ಇಷ್ಟೆಲ್ಲ ಬೇಡ. "ಗುರುವಾರ ಆರಕ್ಕೆ ಬೇಕು ಕಣೋ, ಬುಧವಾರ ಪ್ರೆಸ್ಸಿಗೆ" ಎಂದರೆ ಆಯಿತು. ಆದರೆ ಅಲ್ಲೂ ಗುರುವಾರ, ಆರು, ಬುಧವಾರ ಮೂರೂ ಇವೆ, ಗಮನಿಸಿ.

ಹೆಜ್ಜೆ 7: ಬಂದ ಮೇಲೆ

ಲೇಖನ ಬಂದ ಕೂಡಲೇ ತಲುಪಿತು ಎಂದು ಬರೆಯಿರಿ, ಅದೇ ಗಂಟೆಯೊಳಗೆ. ಅವಸರದಿಂದ ಕೇಳಿದವರು ಬಂದ ಮೇಲೆ ಎರಡು ದಿನ ಸುಮ್ಮನಿದ್ದರೆ ಅವಸರ ಸುಳ್ಳಾಗಿತ್ತು ಎಂದಾಗುತ್ತದೆ. 'ತಡವಾದರೂ ಬಂತಲ್ಲ, ಸಮಾಧಾನ' ಎಂದು ಬರೆಯಬೇಡಿ. ಆ ಲೆಕ್ಕ ಮುಗಿಯಿತು, ಮತ್ತೆ ತೆಗೆಯಬೇಕಿಲ್ಲ. ಸಾಧ್ಯವಾದರೆ ಲೇಖನದೊಳಗಿನ ಒಂದು ಸಂಗತಿ ಹಿಡಿದು ಬರೆಯಿರಿ, ಓದಿದ್ದೀರಿ ಎಂದು ಅವರಿಗೆ ತಿಳಿಯುತ್ತದೆ.

ಮೇಷ್ಟ್ರಿಗೆ ನಾನು ಬರೆದದ್ದು ಇಷ್ಟು: "ಮೇಷ್ಟ್ರೇ, ಪೂರ್ತಿ ಬಂತು, ಕೇಳಿಯೂ ಆಯಿತು. ಕೈಗೆ ಅಂಟಿದ ಇಡ್ಲಿ ಹಿಟ್ಟು ಒಣಗಿದ ಹಾಗೇ ಪೆನ್ಸಿಲ್ ಹಿಡಿಯುತ್ತಿದ್ದ ಹುಡುಗನ ಭಾಗವನ್ನು ಎರಡು ಸಲ ಕೇಳಿದೆ. ಶನಿವಾರ ಪ್ರೂಫ್ ತರುತ್ತೇನೆ, ಸೊಸೆಯವರು ಓದಿ ಹೇಳಲಿ, ನೀವು ಕಣ್ಣಿಗೆ ಕೆಲಸ ಕೊಡಬೇಡಿ." ಶನಿವಾರ ಹೋದಾಗ ಅವರು ಕಪ್ಪು ಕನ್ನಡಕ ಹಾಕಿ ಬಾಲ್ಕನಿಯಲ್ಲಿ ಕೂತಿದ್ದರು. ಸೊಸೆ ಒಂದೊಂದೇ ಸಾಲು ಓದಿದರು, ಮೇಷ್ಟ್ರು ಮೂರು ಕಡೆ ತಿದ್ದಿಸಿದರು, ಅದರಲ್ಲಿ ಎರಡು ಆ ಹುಡುಗರ ಊರಿನ ಹೆಸರುಗಳು.